ಅಲ್ಪವಿರಾಮಕ್ಕೂ ಫಾಂಟ್ ಇರ್ತದಾ?

“ಅಕ್ಕಾ, ಅಲ್ಪವಿರಾಮಕ್ಕೆ ಸಹ ಫಾಂಟ್ ಇರ್ತದಾ?”

ಈ ವಾರವಿಡೀ ಈ ಪ್ರಶ್ನೆ ಕಿವಿಯಲ್ಲೇ ಇದೆ. ಕೇಳಿದ್ದು ನಮ್ಮ ಓಣಿಯ ಹುಡುಗಿ. ಕರಾವಳಿಯ ನಿಘಂಟುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಥೀಸಿಸ್‌ನ ಗ್ರಂಥಋಣದ ಪುಟಗಳನ್ನು ಅವಳ ಗೈಡ್ ಕೆಂಪು ಪೆನ್ನಿನಲ್ಲಿ ಗೀಚಿ ವಾಪಸ್ ಕೊಟ್ಟಿದ್ದಾರೆ. ಅಲ್ಲಲ್ಲಿ ಅಲ್ಪವಿರಾಮಕ್ಕೊಂದು ಸುತ್ತು, ಪೂರ್ಣವಿರಾಮಕ್ಕೊಂದು ಸುತ್ತು, ಬದಿಯಲ್ಲಿ “ಎಂಎಲ್ಎ ಪ್ರಕಾರ ಸರಿಪಡಿಸಿ” ಎಂಬ ಒಂದೇ ಸಾಲು. ಎಂಎಲ್ಎ ಅಂದರೆ ಇಲ್ಲಿ ಶಾಸಕರಲ್ಲ, ಗ್ರಂಥಋಣ ಬರೆಯುವ ಒಂದು ಪದ್ಧತಿ. ಏನು ತಪ್ಪು, ಹೇಗೆ ಸರಿಮಾಡಬೇಕು, ಒಂದಕ್ಷರ ಇಲ್ಲ. ಸುತ್ತು ಹಾಕುವುದಕ್ಕೆ ತುಂಬಾ ಓದಿರಬೇಕು ಅಂತೇನಿಲ್ಲ, ಅಲ್ವಾ?

ಟೈಪ್ ಮಾಡಿಕೊಟ್ಟದ್ದು ಮಂಗಳೂರಿನ ಒಂದು ಡಿಟಿಪಿ ಅಂಗಡಿಯವರು. ಫೋನ್ ಮಾಡಿದರೆ “ನಾನು ಸ್ಪೇಸ್ ಹೊಡ್ದು ಎಲ್ಲ ಸರಿ ಕೂರಿಸಿದ್ದೇನೆ ಮಾರಾಯ್ರೆ, ಪ್ರಿಂಟ್ ಚೆಂದ ಬಂದಿದೆಯಲ್ಲ” ಅಂದರು. ಪಾಪ, ಒಳ್ಳೆಯ ಮನುಷ್ಯ. ಆದರೆ ರೋಗ ಇದ್ದದ್ದೇ ಆ ಸ್ಪೇಸ್‌ನಲ್ಲಿ.

ವರ್ಡ್‌ನಲ್ಲಿ ಫೈಲ್ ತೆರೆದು Ctrl+Shift+8 ಒತ್ತಿದೆ. ಆಗ ಎಂಟರ್, ಟ್ಯಾಬ್, ಸ್ಪೇಸ್ ಎಲ್ಲದರ ಗುರುತುಗಳೂ ಪರದೆಯ ಮೇಲೆ ಕಾಣುತ್ತವೆ. ಗ್ರಂಥಋಣದಲ್ಲಿ ಮೊದಲ ಸಾಲು ಅಂಚಿಗಿದ್ದು ಉಳಿದ ಸಾಲುಗಳು ಒಳಗೆ ಸರಿಯಬೇಕು. ಹ್ಯಾಂಗಿಂಗ್ ಇಂಡೆಂಟ್ ಅಂದರೆ ಅಷ್ಟೇ, ಅರ್ಧ ಇಂಚು. ಇಲ್ಲಿ ಕೆಲವು ಕಡೆ ಸಾಲಿನ ಕೊನೆಗೆ ಎಂಟರ್ ಹೊಡೆದು ಟ್ಯಾಬ್ ಹಾಕಿದ್ದರು. ಕೆಲವು ಕಡೆ Shift+Enter ಒತ್ತಿ ಸ್ಪೇಸ್‌ಗಳ ಸಾಲು. ಇನ್ನು ಕೆಲವು ಕಡೆ ನಿಜವಾದ ಹ್ಯಾಂಗಿಂಗ್ ಇತ್ತು, ಆದರೆ ಒಂದೊಂದು ನಮೂದಿಗೆ ಒಂದೊಂದು ಅಳತೆ. ಕಾಗದದ ಮೇಲೆ ಎಲ್ಲ ಒಂದೇ ಥರ ಕಂಡೀತು. ಫಾಂಟ್ ಒಂದು ಪಾಯಿಂಟ್ ಬದಲಾದರೆ ಮುಗೀತು, ಸಾಲುಗಳು ಅರ್ಧದಲ್ಲೇ ಮುರಿಯುತ್ತವೆ. ಅಕಾರಾದಿಗೆ ಜೋಡಿಸಲು ಹೋದರಂತೂ ಕೇಳಲೇಬೇಡಿ. ಎಂಟರ್ ಹೊಡೆದ ಕಡೆ ವರ್ಡ್‌ಗೆ ಎರಡನೇ ಸಾಲೇ ಒಂದು ಬೇರೆ ಪ್ಯಾರಾ. ಕಿಟ್ಟೆಲ್ ಒಂದು ಕಡೆ, ಅವರ ಪ್ರಕಾಶಕರು ಇನ್ನೆಲ್ಲೋ.

ಆದ್ದರಿಂದ ಮೊದಲು ಆ ಕೃತಕ ಸಾಲುಗಳನ್ನು ಬಿಡಿಸಬೇಕು. Find and Replace ತೆರೆದು `^l` ಹುಡುಕಿ ಅದರ ಜಾಗಕ್ಕೆ ಒಂದು ಸ್ಪೇಸ್ ಕೊಟ್ಟೆವು. ಅದು Shift+Enterನ ಗುರುತು. ಆಮೇಲೆ `^p^t`, ಅಂದರೆ ಎಂಟರ್ ಮತ್ತು ಅದರ ಬೆನ್ನಿಗೆ ಟ್ಯಾಬ್, ಅದಕ್ಕೂ ಒಂದು ಸ್ಪೇಸ್. ಬರೇ `^p` ತೆಗೆದರೆ ಇಡೀ ಪಟ್ಟಿ ಒಂದೇ ಪ್ಯಾರಾ ಆಗಿಬಿಡುತ್ತದೆ, ಅದಕ್ಕೇ ಟ್ಯಾಬ್ ಜೊತೆಗೇ ಹುಡುಕಬೇಕು. ಕೊನೆಗೆ ಎರಡು ಸ್ಪೇಸ್ ಇದ್ದಲ್ಲಿ ಒಂದು ಮಾಡುತ್ತಾ ಹೋದರೆ ಆಯ್ತು, ಸೊನ್ನೆ ಅಂತ ಬರುವವರೆಗೆ. ನಂತರ ಪಟ್ಟಿಯನ್ನೆಲ್ಲ ಆರಿಸಿ ವರ್ಡ್‌ನಲ್ಲೇ ಇರುವ Bibliography ಸ್ಟೈಲ್ ಹಾಕಿ, Ctrl+Q ಒತ್ತಿದೆವು. ಕೈಯಿಂದ ಮಾಡಿದ ಅಳತೆಗಳೆಲ್ಲ ಹೋಗಿ ಸ್ಟೈಲ್‌ನ ಅಳತೆ ಉಳಿಯುತ್ತದೆ. ಹ್ಯಾಂಗಿಂಗ್ ಅರ್ಧ ಇಂಚು ಅಂತ ಆ ಸ್ಟೈಲ್‌ನಲ್ಲಿ ಒಮ್ಮೆ ಹೇಳಿದರೆ ಸಾಕು.

ಇಂಡೆಂಟ್ ಕೂತಿತು. ಆಗ ಬಂತು ಆ ಪ್ರಶ್ನೆ. ಅಲ್ಪವಿರಾಮಕ್ಕೆ ಸಹ ಫಾಂಟ್ ಇರ್ತದಾ?

ಇರ್ತದೆ ಮಾರಾಯ್ತಿ. ಪರದೆಯನ್ನು ಮುನ್ನೂರು ಪರ್ಸೆಂಟ್‌ಗೆ ದೊಡ್ಡದು ಮಾಡಿ ತೋರಿಸಿದೆ. “ಕಿಟ್ಟೆಲ್” ಪಕ್ಕದ ಅಲ್ಪವಿರಾಮ ದಪ್ಪ, ಶೀರ್ಷಿಕೆಯ ನಂತರದ ಚುಕ್ಕಿ ಸಣ್ಣ, “ಮಂಗಳೂರು” ಮುಂದಿನದು ಮೂರನೆಯದೇ ಜಾತಿ. ವರ್ಡ್ ಒಂದೇ ಬರಹಕ್ಕೆ ಎರಡು ಫಾಂಟ್ ಇಟ್ಟುಕೊಳ್ಳುತ್ತದೆ. ಕನ್ನಡ ಅಕ್ಷರಕ್ಕೆ Complex scripts ಅನ್ನುವಲ್ಲಿನ ಫಾಂಟ್, ಇಂಗ್ಲಿಷಿಗೆ Latin text ಅನ್ನುವಲ್ಲಿನದು. ಅಲ್ಪವಿರಾಮ, ಪೂರ್ಣವಿರಾಮಗಳು ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಕೋಡ್, ಹಾಗಾಗಿ ಕನ್ನಡ ವಾಕ್ಯದ ನಡುವೆ ಇದ್ದರೂ ಎಷ್ಟೋ ಸಲ ಇಂಗ್ಲಿಷ್ ಫಾಂಟನ್ನೇ ಹಿಡಿಯುತ್ತವೆ. ಅಕ್ಷರದ ಸೈಜ್ ಕೂಡ ಎರಡಕ್ಕೂ ಬೇರೆ ಬೇರೆ. ಕನ್ನಡ ಹನ್ನೆರಡು, ಅದರ ಬಾಲದ ಚುಕ್ಕಿ ಹನ್ನೊಂದು, ಹೀಗೂ ಆಗುತ್ತದೆ. ನೀವು ಕನ್ನಡ ಪದಗಳನ್ನು ಆರಿಸಿ ಫಾಂಟ್ ಬದಲಿಸಿ ಬದಲಿಸಿ ಸುಸ್ತಾದರೂ ಚುಕ್ಕಿ ಜಪ್ಪಯ್ಯ ಅನ್ನುವುದಿಲ್ಲ.

ಪರಿಹಾರ ಏನು ಅಂದರೆ, Ctrl+D ಒತ್ತಿದಾಗ ಬರುವಂಥ ಕಿಟಕಿ ಸ್ಟೈಲ್‌ನ ಒಳಗೂ ಇದೆ. ಅಲ್ಲಿ ಎರಡೂ ಕಡೆ ಒಂದೇ ಫಾಂಟ್, ಒಂದೇ ಸೈಜ್ ಕೊಡುವುದು. ನಾವು Nirmala UI ಕೊಟ್ಟೆವು, ಅದರಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಆಮೇಲೆ ಪಟ್ಟಿಯನ್ನು ಆರಿಸಿ Ctrl+Space. ಕೈಯಿಂದ ಹಾಕಿದ ಫಾಂಟ್‌ಗಳೆಲ್ಲ ಕಳಚಿ ಬೀಳುತ್ತವೆ. ಜೊತೆಗೆ ಇಂಗ್ಲಿಷ್ ಶೀರ್ಷಿಕೆಗಳ ಇಟಾಲಿಕ್ ಕೂಡ ಹೋಗುತ್ತದೆ, ಅದನ್ನು ಹಳೇ ಪ್ರಿಂಟ್ ಪಕ್ಕದಲ್ಲಿಟ್ಟು ಮತ್ತೆ ಹಾಕಬೇಕು. ಕನ್ನಡ ಶೀರ್ಷಿಕೆಗೆ ಇಟಾಲಿಕ್ ಬೇಡ ಅಂದೆ. ನಮ್ಮ ಹೆಚ್ಚಿನ ಫಾಂಟ್‌ಗಳಲ್ಲಿ ಅದಕ್ಕೆ ಬೇರೆ ಅಕ್ಷರಗಳೇ ಇಲ್ಲ, ಇದ್ದದ್ದನ್ನೇ ಸುಮ್ನೆ ಓರೆ ಮಾಡಿ ತೋರಿಸುತ್ತದೆ, ಒತ್ತಕ್ಷರ ನೋಡಲಿಕ್ಕಾಗುವುದಿಲ್ಲ. ಬೋಲ್ಡ್ ಸಾಕು.

Ctrl+Space ಒತ್ತಿದ ಕೂಡಲೇ ಅವಳು “ಅಯ್ಯೋ ಎಂತ ಆಯ್ತು!” ಅಂದಳು. ನಡುವೆ ಒಂದಷ್ಟು ನಮೂದುಗಳು `PÀ£ÀßqÀ` ಅಂತ ಆಗಿದ್ದವು. ಅದೂ ಕನ್ನಡವೇ, ಹಳೇ ನುಡಿ ಫಾಂಟಿನದು. ಯೂನಿಕೋಡ್ ಅಲ್ಲ, ಇಂಗ್ಲಿಷ್ ಕೋಡ್‌ಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ತೆಗೆದರೆ ಬಣ್ಣ ಬಯಲು. Ctrl+Z ಒತ್ತಿ ಹಿಂದಕ್ಕೆ ಬಂದು, ಅಷ್ಟನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮುಂದುವರಿದೆವು. ಹೀಗೆ ಮೊದಲೇ ಕಂಡದ್ದು ಒಳ್ಳೆಯದೇ ಆಯಿತು, ಅದರೊಂದಿಗೆ ಅಕಾರಾದಿಗೆ ಹೋಗಿದ್ದರೆ `P` ಅಕ್ಷರದಡಿ ಕನ್ನಡ ಸಿಗುತ್ತಿತ್ತು.

ಇನ್ನು ಎಂಎಲ್ಎ ವಿಷಯ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲೇ ಮುದ್ರಿಸಿದ ಎರಡು ಪುಸ್ತಕ ಅವಳ ಪಟ್ಟಿಯಲ್ಲಿದ್ದವು: ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು, 1886ರದ್ದು, ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, 1894ರದ್ದು. ಒಂದರಲ್ಲಿ ಊರು, ಕೋಲನ್, ಪ್ರಕಾಶಕರು. ಇನ್ನೊಂದರಲ್ಲಿ ಪ್ರಕಾಶಕರು, ಅಲ್ಪವಿರಾಮ, ಊರು. ಗೈಡ್ ಎರಡರಲ್ಲೂ “ಮಂಗಳೂರು” ಹೊಡೆದುಹಾಕಿದ್ದರು. 2016ರ ಎಂಟನೇ ಆವೃತ್ತಿಯಿಂದ ಎಂಎಲ್ಎಯಲ್ಲಿ ಸಾಮಾನ್ಯವಾಗಿ ಊರಿನ ಹೆಸರು ಬೇಡ, ಅಲ್ಲಿಗೆ ಅವರು ಹೇಳಿದ್ದು ಸರಿ. ಆದರೆ 1900ಕ್ಕಿಂತ ಹಿಂದಿನ ಪುಸ್ತಕಕ್ಕೆ ಪ್ರಕಾಶಕರ ಬದಲು ಊರನ್ನೇ ಕೊಡಬಹುದು ಅಂತಲೂ ಅಲ್ಲೇ ಇದೆ. ಹಾಗಾದರೆ ನಮೂದು ಎಷ್ಟು ಚಿಕ್ಕದಾಗುತ್ತದೆ ನೋಡಿ: ಕಿಟ್ಟೆಲ್, ಎಫ್., ಶೀರ್ಷಿಕೆ, ಆಮೇಲೆ “ಮಂಗಳೂರು, 1894.” ಅಷ್ಟೇ. ಅವಳು ನೋಡಿದ್ದು ಮರುಮುದ್ರಣವಾಗಿದ್ದರೆ ಮಾತ್ರ ಬೇರೆ: ಆಗ ಮರುಮುದ್ರಣದ ಪ್ರಕಾಶಕರು, ಅವರ ವರ್ಷ, ಬೇಕಿದ್ದರೆ ಶೀರ್ಷಿಕೆಯ ಬೆನ್ನಿಗೇ 1894.

ನನಗೆ ಬಲ್ಮಠದ ಆ ಪ್ರೆಸ್ ನೆನಪಾಯಿತು. ಸೀಸದ ಮೊಳೆ ಒಂದೊಂದೇ ಎತ್ತಿ ಜೋಡಿಸುವ ಕಾಲದಲ್ಲೂ ಬೇರೆ ಫಾಂಟಿನ ಮೊಳೆ ನಡುವೆ ನುಸುಳುತ್ತಿತ್ತು. ಕರಡು ತಿದ್ದುವವರು ಅದಕ್ಕೆ `wf` ಅಂತ ಬದಿಯಲ್ಲಿ ಬರೆಯುತ್ತಿದ್ದರು, ತಪ್ಪು ಫಾಂಟ್ ಅಂತ. ಎರಡೇ ಅಕ್ಷರ, ಆದರೆ ಜೋಡಿಸುವವನಿಗೆ ಏನು ಮಾಡಬೇಕು ಅಂತ ತಿಳಿಯುತ್ತಿತ್ತು. ನಮ್ಮ ಗೈಡ್‌ಗಳು ಅಷ್ಟು ಬರೆದರೂ ಹುಡುಗರ ಅರ್ಧ ತಲೆನೋವು ಕಡಿಮೆಯಾದೀತು. ವಿಶ್ವವಿದ್ಯಾಲಯಗಳು ಸ್ಟೈಲ್ ಹಾಕಿದ ಒಂದು ಖಾಲಿ ಫೈಲ್ ಕೊಟ್ಟರೆ ಇನ್ನರ್ಧವೂ. ಅದಕ್ಕೆ ಖರ್ಚೇನೂ ಇಲ್ಲ, ಆದರೂ ಯಾರೂ ಕೊಡುವುದಿಲ್ಲ.

ನಿನ್ನೆ ಅವಳ ಮೆಸೇಜ್ ಬಂತು. ಇಂಡೆಂಟ್, ಚುಕ್ಕಿ ಎಲ್ಲ ಪಾಸ್. ಆದರೆ “ಪ್ರಕಾಶಕರು ಎಲ್ಲಿ?” ಅಂತ ಸರ್ ಕೇಳಿದರಂತೆ. 1900ರ ನಿಯಮ ತೋರಿಸಿದ್ದಕ್ಕೆ “ಕೊಡಬಹುದು ಅಂತ ಅಲ್ವಾ, ಕೊಡಲೇಬೇಕು ಅಂತ ಇಲ್ಲವಲ್ಲ” ಅಂದರಂತೆ. ಅದೂ ನಿಜ. ಎರಡೂ ನಮೂದಿಗೆ ಬಾಸೆಲ್ ಮಿಷನ್ ವಾಪಸ್ ಬಂದಿದೆ, ಮಂಗಳೂರು ಹೋಗಿದೆ.