ಸಬ್‌ಟೈಟಲ್ ಓದುವವರ ಕೈಗೆ ರಿಮೋಟ್ ಕೊಡಿ

ನಾನಿರುವುದು ಜರ್ಮನಿಯಲ್ಲಿ. ಗಂಡನಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಕೂಡ ಶಾಲೆಯಲ್ಲಿ ಕಲಿತದ್ದು. ರಜೆಗೆ ಉಡುಪಿಗೆ ಬಂದರೆ ರಾತ್ರಿ ಊಟ ಆದ ಮೇಲೆ ಅಮ್ಮ, ಅಣ್ಣ, ಅತ್ತಿಗೆ, ನಾವಿಬ್ಬರು ಕೂತು ಕನ್ನಡ ಸೀರೀಸ್ ನೋಡುತ್ತೇವೆ. ಗಂಡ ನೋಡುವುದು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ.

ನಾವು ಮಾತು ಕೇಳುತ್ತಾ ಮುಖ ನೋಡುತ್ತೇವೆ. ಓದುವವರಿಗೆ ಎರಡಕ್ಕೂ ಕಣ್ಣೇ ಬೇಕು. ಸಬ್‌ಟೈಟಲ್ ಸಾಮಾನ್ಯವಾಗಿ ಎರಡು ಸಾಲು, ಸಾಲಿಗೆ ಹೆಚ್ಚೆಂದರೆ 42 ಅಕ್ಷರ. ಸೆಕೆಂಡಿಗೆ 17 ಅಕ್ಷರ ಓದಿದರೂ ಎರಡು ತುಂಬಿದ ಸಾಲಿಗೆ 5 ಸೆಕೆಂಡ್ ಬೇಕು. ಮನೆಜಗಳದ ದೃಶ್ಯದಲ್ಲಿ ಅಷ್ಟು ಹೊತ್ತು ಯಾರು ಕಾಯ್ತಾರೆ? ಕಥೆ ಗೊತ್ತಾಗಿದೆ, ಆದರೆ ಸಿಟ್ಟು ಯಾರಿಗೆ ಬಂತು ಅಂತ ಗೊತ್ತಿಲ್ಲ ಅಂದರೆ ಅವರು ಬರೀ ಓದುತ್ತಿದ್ದಾರೆ ಎಂದೇ ಅರ್ಥ. ವೇಗ 0.75ಕ್ಕೆ ಇಳಿಸಬಹುದು. ಆದರೆ ದನಿ ಎಳೆದ ಹಾಗಾಗುತ್ತದೆ. "ಇದೆಂತ ಮಾರಾಯ್ತಿ, ಎಲ್ಲರೂ ನಿದ್ದೆಯಲ್ಲಿ ಮಾತಾಡಿದ ಹಾಗೆ!" ಅಂತಾರೆ ಅಮ್ಮ.

ಹಾಗಾಗಿ ರಿಮೋಟ್ ಗಂಡನ ಕೈಗೇ ಕೊಟ್ಟಿದ್ದೇವೆ. ಎಲ್ಲಿ ತಪ್ಪಿತು ಅನ್ನುವುದು ಓದುವವರಿಗೆ ಮಾತ್ರ ಗೊತ್ತು. ಹತ್ತು ಸೆಕೆಂಡ್ ಹಿಂದೆ ಹೋಗಿ ಓದಿಕೊಳ್ಳುತ್ತಾರೆ, ಅಮ್ಮನಿಗೂ ಬೇಸರವಿಲ್ಲ. ನನ್ನ ವಿವರಣೆ ಏನಿದ್ದರೂ ದೃಶ್ಯ ಮುಗಿದ ಮೇಲೆ. ಮಾತಿನ ನಡುವೆ ನಿಲ್ಲಿಸಿದರೆ ಜಗಳದ ಬಿಸಿಯೇ ಹೋಗುತ್ತದೆ.

ಮೊನ್ನೆ ಒಂದು ದೃಶ್ಯ ಬಂತು. ಮನೆಯವರು ಹೇಳಿಕೊಂಡ ಹರಕೆ ಆಟದ ದಿನವನ್ನು ತಮ್ಮ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾನೆ, ಅಣ್ಣ ಕೆಂಡವಾಗಿದ್ದಾನೆ. ಕೆಳಗೆ ಸಬ್‌ಟೈಟಲ್‌ನಲ್ಲಿ "ನಾಟಕ" ಅಂತಷ್ಟೇ ಬಂತು. ಒಂದು ನಾಟಕ ತಪ್ಪಿದ್ದಕ್ಕೆ ಇಷ್ಟು ಸಿಟ್ಟೇಕೆ ಅಂತ ಇವರು ಕೇಳಿದರು. ದೃಶ್ಯ ಮುಗಿದ ಮೇಲೆ ನನ್ನ ಅಣ್ಣ ಹೇಳಿದ: ಅದು ದೇವರಿಗೆ ಹೇಳಿಕೊಂಡು ಆಡಿಸುವ ಯಕ್ಷಗಾನ. ಕಟೀಲು ಮೇಳದಂಥ ಕಡೆ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಸಾಕಾಯಿತು. ಮುಂದಿನ ಕಂತಿನಲ್ಲಿ ಆ ತಮ್ಮ ಮನೆಗೆ ಬಂದಾಗ ಇವರು ಓದುವುದನ್ನೇ ಬಿಟ್ಟು ಸೀರೀಸಿನ ಅಣ್ಣನ ಮುಖ ನೋಡಿದರು.

ಇನ್ನೊಂದು ತಲೆನೋವು ಪೆನ್‌ಡ್ರೈವ್‌ನಲ್ಲಿ ಬರುವ ವಿಡಿಯೊಗಳದ್ದು. ಅಣ್ಣನ ಗೆಳೆಯರು ತಾವೇ ಮಾಡಿದ ಕಿರು ಸೀರೀಸ್ ಕೊಟ್ಟಿದ್ದರು, ಸಬ್‌ಟೈಟಲ್ ಬೇರೆ ಫೈಲಿನಲ್ಲಿತ್ತು. ಇಂಥದ್ದಾದರೆ ಮೊದಲೇ ಶುರುವಿನ ಒಂದು ಮಾತು, ಕೊನೆಯ ಒಂದು ಮಾತು ನೋಡಿಕೊಳ್ಳಿ. ಎರಡೂ ಕಡೆ ಒಂದೇ ಅಳತೆಯಲ್ಲಿ ತಡವಾಗಿದ್ದರೆ ಸುಲಭ: ವಿಂಡೋಸ್ ಕಂಪ್ಯೂಟರಿನ VLC ಪ್ಲೇಯರ್‌ನಲ್ಲಿ G ಒತ್ತುತ್ತಾ ಹೋದರೆ ಸಾಲು ಬೇಗ ಬರುತ್ತದೆ, H ಒತ್ತಿದರೆ ತಡವಾಗುತ್ತದೆ. ಶುರುವಿನಲ್ಲಿ ಸರಿಯಿದ್ದು ಬರಬರುತ್ತಾ ಅಂತರ ಜಾಸ್ತಿಯಾದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಹೊಂದಿಲ್ಲ ಎಂದೇ ಹೆಚ್ಚು ಸಂಶಯ ಪಡಿ. 25ಕ್ಕೆ ಮಾಡಿದ ಸಬ್‌ಟೈಟಲ್ 23.976ರ ವಿಡಿಯೊಗೆ ಸೇರಿದರೆ ಅರ್ಧ ಗಂಟೆಯ ಕೊನೆಗೆ ಒಂದು ನಿಮಿಷಕ್ಕೂ ಜಾಸ್ತಿ ಮುಂದೆ ಓಡಿರುತ್ತದೆ. ಅದಕ್ಕೆ G, H ಸಾಲದು. Subtitle Edit ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿ ಉಳಿಸಿಕೊಳ್ಳಬೇಕು. ಮನೆಯವರೆಲ್ಲ ಬಂದು ಕೂರುವ ಮೊದಲೇ ಮುಗಿಸಿಕೊಳ್ಳಿ.