ಆವೃತ್ತಿ ಎರಡು ಪಟ್ಟು, ಸಾಮರ್ಥ್ಯ ನಾಲ್ಕು ಪಟ್ಟು

22 ಜನವರಿ 2025, ಬುಧವಾರ

ಪ್ರಥಮ ಪಿಯುಸಿ ತರಗತಿಯಲ್ಲಿ ಇಂದು ತಂತಿಯ ಮೇಲೆ ಸಾಗುವ ಅಲೆಯ ಸಾಮರ್ಥ್ಯದ ಸೂತ್ರವನ್ನು, ಅಂದರೆ P = ½μvω²A² ಎಂಬುದನ್ನು, ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಆವೃತ್ತಿ ಎರಡು ಪಟ್ಟಾದರೆ ಸೆಕೆಂಡಿಗೆ ಎರಡು ಪಟ್ಟು ಅಲೆಗಳು ದಾಟುತ್ತವೆ, ಅಷ್ಟೇ ಅಲ್ಲವೇ? ಸಾಮರ್ಥ್ಯ ನಾಲ್ಕು ಪಟ್ಟು ಹೇಗಾಗುತ್ತದೆ?" ಸೂತ್ರವನ್ನು ಬಾಯಿಪಾಠ ಮಾಡಿದವರು ಕೇಳದ ಪ್ರಶ್ನೆ ಇದು. ಸೂತ್ರದಲ್ಲಿ P ಎಂದರೆ ಅಲೆ ಸೆಕೆಂಡಿಗೆ ಒಯ್ಯುವ ಶಕ್ತಿ, μ ಒಂದು ಮೀಟರ್ ತಂತಿಯ ದ್ರವ್ಯರಾಶಿ, v ಅಲೆಯ ವೇಗ, ω ಆವೃತ್ತಿಯ 2π ಪಟ್ಟು, A ಪಾರ, ಅಂದರೆ ಕಣ ನಡುಗೆರೆಯಿಂದ ಸರಿಯುವ ಗರಿಷ್ಠ ದೂರ.

ಒಂದು ಮೀಟರಿಗೆ 5 ಗ್ರಾಂ ತೂಗುವ ದಾರವನ್ನು 8 ನ್ಯೂಟನ್ ಬಲದಿಂದ ಎಳೆದು ಹಿಡಿದಿದ್ದೇವೆ ಎಂದುಕೊಳ್ಳೋಣ ಎಂದೆ. ರಾಟೆಯ ಮೇಲಿಂದ 800 ಗ್ರಾಮಿಗಿಂತ ತುಸು ಹೆಚ್ಚಿನ ತೂಕ ಇಳಿಬಿಟ್ಟರೆ ಅಷ್ಟು ಎಳೆತ ಸಿಗುತ್ತದೆ. ಆಗ ಅಲೆಯ ವೇಗ ಸೆಕೆಂಡಿಗೆ 40 ಮೀಟರ್. ಆವೃತ್ತಿ 50 ಹರ್ಟ್ಸ್, ಪಾರ 5 ಮಿಲಿಮೀಟರ್ ಇದ್ದರೆ ದಾರದ ಪ್ರತಿ ಕಣವೂ ಮೇಲೆ ಕೆಳಗೆ ಆಡುವಾಗ ಮುಟ್ಟುವ ಗರಿಷ್ಠ ವೇಗ ωA, ಸೆಕೆಂಡಿಗೆ ಸುಮಾರು 1.57 ಮೀಟರ್. ಚಲನಶಕ್ತಿ ಈ ವೇಗದ ವರ್ಗವನ್ನು ಅವಲಂಬಿಸುವುದರಿಂದಲೇ ಸೂತ್ರದಲ್ಲಿ ω ಮತ್ತು A ಎರಡೂ ವರ್ಗವಾಗಿ ಬರುತ್ತವೆ. ಲೆಕ್ಕ ಹಾಕಿದರೆ ಸಾಮರ್ಥ್ಯ ಸುಮಾರು 0.25 ವಾಟ್.

ಈಗ ಪಾರವನ್ನು ಹಾಗೆಯೇ ಉಳಿಸಿಕೊಂಡು ಆವೃತ್ತಿಯನ್ನು 100 ಹರ್ಟ್ಸ್ ಮಾಡಿದರೆ ತರಂಗದೂರ 80 ಸೆಂಟಿಮೀಟರಿನಿಂದ 40ಕ್ಕೆ ಇಳಿಯುತ್ತದೆ. ಒಂದು ಅಲೆಯ ಉದ್ದ ಅರ್ಧವಾಯಿತು ನಿಜ, ಆದರೆ ಆ ಉದ್ದದ ಪ್ರತಿ ಸೆಂಟಿಮೀಟರಿನಲ್ಲಿಯೂ ಶಕ್ತಿ ನಾಲ್ಕು ಪಟ್ಟಾಗಿರುವುದರಿಂದ ಒಂದೊಂದು ಅಲೆ ಹೊರುವ ಶಕ್ತಿ ಎರಡು ಪಟ್ಟಾಗುತ್ತದೆ, ಸುಮಾರು 5 ಮಿಲಿಜೌಲ್ ಇದ್ದದ್ದು 10 ಆಗುತ್ತದೆ. ಅಂಥ ಅಲೆಗಳು ಸೆಕೆಂಡಿಗೆ 50ರ ಬದಲು 100 ದಾಟುತ್ತವೆ. ಹುಡುಗಿ ಹೇಳಿದ ಎರಡು ಪಟ್ಟು ಸರಿಯೇ ಇತ್ತು. ಅವಳ ಲೆಕ್ಕಕ್ಕೆ ಬಾರದೆ ಉಳಿದದ್ದು ಇನ್ನೊಂದು ಎರಡು ಪಟ್ಟು. ಹೀಗೆ 1 ವಾಟ್ ಆಯಿತು.

ಈ ಶಕ್ತಿ ಅಲೆಯ ಯಾವ ಭಾಗದಲ್ಲಿರುತ್ತದೆ ಎಂದು ಕೇಳಿದಾಗ ಬಹುತೇಕರು ಉಬ್ಬಿನ ತುದಿಯಲ್ಲಿ ಎಂದರು. ಪಾಠ ಹೇಳಲು ತೊಡಗಿದ ಮೊದಲ ವರ್ಷ ನಾನೂ ಹಾಗೆಯೇ ಹೇಳಿದ್ದೆ; ತುದಿ ಮುಟ್ಟಿದಾಗ ಶಕ್ತಿಯೆಲ್ಲ ಪ್ರಚ್ಛನ್ನವಾಗಿರುವ ಲೋಲಕದ ಅಭ್ಯಾಸ ಬಿಡಿಸಿಕೊಳ್ಳುವುದು ಕಷ್ಟ. ಉಬ್ಬಿನ ತುದಿಯಲ್ಲಿ ಕಣ ಕ್ಷಣಕಾಲ ನಿಂತಿರುತ್ತದೆ, ದಾರವೂ ಅಲ್ಲಿ ಮಟ್ಟಸವಾಗಿದ್ದು ಹಿಗ್ಗಿರುವುದಿಲ್ಲ. ಆದ್ದರಿಂದ ಎರಡು ಬಗೆಯ ಶಕ್ತಿಯೂ ಅಲ್ಲಿ ಸೊನ್ನೆ. ಕಣ ನಡುಗೆರೆಯನ್ನು ದಾಟುವಲ್ಲಿ ವೇಗವೂ ಇಳಿಜಾರೂ ಒಟ್ಟಿಗೆ ಗರಿಷ್ಠವಾಗುವುದರಿಂದ ಚಲನಶಕ್ತಿ, ಪ್ರಚ್ಛನ್ನ ಶಕ್ತಿ ಎರಡೂ ಅಲ್ಲಿಯೇ ಗುಂಪಾಗಿ ಮುಂದೆ ಸಾಗುತ್ತವೆ.

ನಾಳೆ ಬಿಗಿದ ತಂತಿಯ ಕಂಪನವನ್ನು ಪರೀಕ್ಷಿಸುವ ಸೋನೋಮೀಟರ್ ಪ್ರಯೋಗವಿದೆ. ಅಲ್ಲಿನ ತಂತಿಗೆ ಈ ಸೂತ್ರವನ್ನು ನೇರವಾಗಿ ಹಚ್ಚಬಾರದೆಂದು ಮೊದಲೇ ಹೇಳಬೇಕು: ಎದುರುಬದುರಾಗಿ ಸಾಗುವ ಎರಡು ಸಮಾನ ಅಲೆಗಳು ಸೇರಿ ಅಲ್ಲಿ ಉಂಟಾಗುವ ಸ್ಥಾಯಿ ತರಂಗದಲ್ಲಿ ಒಂದು ಅತ್ತ ಒಯ್ದಷ್ಟೇ ಶಕ್ತಿಯನ್ನು ಇನ್ನೊಂದು ಇತ್ತ ತರುತ್ತದೆ, ಒಟ್ಟಾರೆ ಸಾಗಣೆ ಸೊನ್ನೆ.