ಗೋಡೆ ಅದೇ, ಖರ್ಚು ಮಾತ್ರ ಜಾಸ್ತಿ

"ಗೋಡೆ ಅದೇ, ಛಾವಣಿ ಅದೇ. ಒಂದು ಇಟ್ಟಿಗೆನೂ ಹೊಸದಾಗಿ ಇಟ್ಟಿಲ್ಲ. ಖರ್ಚು ಮಾತ್ರ ಹೇಗೆ ಜಾಸ್ತಿ ಆಯ್ತು?"

ಮಂಗಳವಾರ ಮಧ್ಯಾಹ್ನ ನಮ್ಮ ಮೇಡಂ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅವರು ಕಂಪನಿಯ ಡೈರೆಕ್ಟರ್, ಯಜಮಾನರ ಹೆಂಡತಿ. ಲೆಕ್ಕಶಾಸ್ತ್ರ ಓದಿದವರಲ್ಲ. ಆದರೆ ಈ ಕಂಪನಿಯಲ್ಲಿ ನಾನು ಕಂಡವರ ಪೈಕಿ ಲೆಕ್ಕದ ಜೀವ ಅರ್ಥವಾಗುವುದು ಅವರಿಗೇ.

ತುಮಕೂರಿನ ಹೊರವಲಯದಲ್ಲಿ ನಮ್ಮದೊಂದು ಚಿಕ್ಕ ಜಾಬ್ ವರ್ಕ್ ಘಟಕ. ಐದು ಯಂತ್ರ, 5,000 ಚದರಡಿ ಶೆಡ್. ಜಾಗವನ್ನು 40 ಲಕ್ಷಕ್ಕೆ ಕೊಂಡಿದ್ದು, ಶೆಡ್ಡಿಗೆ ಆಗ ಬಿದ್ದದ್ದು 60 ಲಕ್ಷ. ಕಾರ್ಖಾನೆ ಕಟ್ಟಡಕ್ಕೆ 30 ವರ್ಷ ಆಯಸ್ಸು ಅಂತ ಹಿಡಿದು, ಅದು ಸವೆಯುವ ಬೆಲೆಯನ್ನು ಸವಕಳಿ ಅಂತ ವರ್ಷಕ್ಕೆ 2 ಲಕ್ಷ ಖರ್ಚು ಬರೆಯುತ್ತಿದ್ದೆವು. ಲೆಕ್ಕ ಸುಲಭವಾಗಲಿ ಅಂತ ಕೊನೆಯಲ್ಲಿ ಉಳಿಯುವ ಬೆಲೆಯನ್ನು ಇಲ್ಲಿ ಬಿಟ್ಟಿದ್ದೇನೆ. ಹತ್ತು ವರ್ಷ ಮುಗಿದಾಗ ಪುಸ್ತಕದಲ್ಲಿ ಶೆಡ್ಡಿನ ಬೆಲೆ 40 ಲಕ್ಷಕ್ಕೆ ಇಳಿದಿತ್ತು.

ಕಳೆದ ಏಪ್ರಿಲ್ 1ಕ್ಕೆ ಜಾಗ, ಕಟ್ಟಡ ಎರಡನ್ನೂ ಇಂದಿನ ಬೆಲೆಗೆ ಏರಿಸೋಣ ಅಂದವರು ಯಜಮಾನರು. ತನ್ನ ಷೇರು ಬಿಟ್ಟುಕೊಟ್ಟು ಕಂಪನಿಯಿಂದ ಹೊರಗೆ ಹೋಗುವ ತಮ್ಮನಿಗೆ ಮೋಸ ಆಗಬಾರದು ಅನ್ನುವುದು ಅವರ ಕಾರಣ. ಒಳ್ಳೆಯ ಮನುಷ್ಯ. ಈ ವಿಷಯದಲ್ಲಿ ಅವರ ಮೇಲೆ ನನಗೆ ನಿಜಕ್ಕೂ ಗೌರವ ಇದೆ. ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದು ಒಟ್ಟು 3 ಕೋಟಿ 40 ಲಕ್ಷ ಅಂತ ಬರೆದುಕೊಟ್ಟರು. ಪುಸ್ತಕದಲ್ಲಿ ಇದ್ದದ್ದು ಎರಡೂ ಸೇರಿ 80 ಲಕ್ಷ. ಹೆಚ್ಚಳ 2 ಕೋಟಿ 60 ಲಕ್ಷ.

ಮೊದಲ ಎಡವಟ್ಟು ಇಲ್ಲೇ ಆಗಿತ್ತು. ವರದಿಯ ಕೊನೆಯ ಪುಟದಲ್ಲಿ ಒಂದೇ ಮೊತ್ತ ಇತ್ತು. ನಮ್ಮ ಸಹಾಯಕ ಹುಡುಗ ಚುರುಕು, ಆದರೆ ಅವಸರ ಜಾಸ್ತಿ. ಜಾಗ 40, ಶೆಡ್ 40, ಎರಡೂ ಸಮ ಅಂತ ನೋಡಿ 3.40 ಕೋಟಿಯನ್ನೂ ಅರ್ಧ ಅರ್ಧ ಮಾಡಿಬಿಟ್ಟ. ಶೆಡ್ಡಿಗೆ 1 ಕೋಟಿ 70 ಲಕ್ಷ ಬಂತು. 20 ವರ್ಷ ಉಳಿದಿದೆ, ಅಂದರೆ ವರ್ಷಕ್ಕೆ 8.5 ಲಕ್ಷ ಸವಕಳಿ. ಕರಡು ಪಟ್ಟಿಯಲ್ಲಿ ಇದನ್ನು ನೋಡಿ ನನಗೆ ಎದೆ ಧಸಕ್ಕೆಂದಿತು.

ತಪ್ಪು ಅಂತ ಹೇಗೆ ಗೊತ್ತಾಯ್ತು ಅಂದರೆ, ಚದರಡಿಗೆ ಭಾಗಿಸಿ ನೋಡಿದೆ. 1.70 ಕೋಟಿಯನ್ನು 5,000ದಿಂದ ಭಾಗಿಸಿದರೆ 3,400 ರೂಪಾಯಿ. ವ್ಯಾಲ್ಯುಯರ್ ವರದಿಯ ಒಳಪುಟದಲ್ಲಿ ಇದೇ ಥರದ ಶೆಡ್ಡನ್ನು ಹೊಸದಾಗಿ ಕಟ್ಟಲು ಚದರಡಿಗೆ 3,000 ಅಂತ ಇತ್ತು. ಮಳೆ ಬಂದರೆ ಎರಡನೇ ಯಂತ್ರದ ಪಕ್ಕ ಬಕೆಟ್ ಇಡುವ ಹಳೇ ಶೆಡ್, ಹೊಸದಕ್ಕಿಂತ ದುಬಾರಿ ಆಗಲು ಸಾಧ್ಯವಾ? ವ್ಯಾಲ್ಯುಯರ್ ಲೆಕ್ಕ ಹಾಕಿದ್ದ ರೀತಿ ಸರಿಯಾಗಿಯೇ ಇತ್ತು. ಹೊಸದಕ್ಕೆ 1.5 ಕೋಟಿ, ಮೂರರಲ್ಲಿ ಒಂದು ಪಾಲು ಆಯಸ್ಸು ಕಳೆದಿದೆ, ಹಾಗಾಗಿ ಶೆಡ್ಡಿಗೆ 1 ಕೋಟಿ. ಉಳಿದ 2.40 ಕೋಟಿ ಜಾಗದ್ದು.

ಈ ವಿಂಗಡಣೆ ಇಷ್ಟು ಮುಖ್ಯ ಯಾಕೆ ಅಂದರೆ, ಜಾಗ ಸವೆಯುವುದಿಲ್ಲ. ಅದಕ್ಕೆ ಸವಕಳಿ ಇಲ್ಲ. ಜಾಗದ ಬೆಲೆ ತಪ್ಪಿ ಶೆಡ್ಡಿನ ಕಡೆ ಸೇರಿದರೆ, ಸವೆಯದ ಮಣ್ಣನ್ನು ಸವೆಸುತ್ತಾ ಪ್ರತಿ ವರ್ಷ ಲಾಭ ಕೊರೆಯುತ್ತಾ ಹೋಗುತ್ತೇವೆ.

ಸರಿಪಡಿಸಿ ನಮೂದು ಹಾಕಿದೆವು. ಮೊದಲು ಶೆಡ್ಡಿನ ಹತ್ತು ವರ್ಷದ ಸವಕಳಿ 20 ಲಕ್ಷವನ್ನು ಶೆಡ್ಡಿನ ಖಾತೆಗೇ ವಜಾ ಮಾಡಿ ಅದನ್ನು 40 ಲಕ್ಷಕ್ಕೆ ತಂದೆವು. ಆಮೇಲೆ ಶೆಡ್ಡಿಗೆ 60 ಲಕ್ಷ, ಜಾಗಕ್ಕೆ 2 ಕೋಟಿ ಡೆಬಿಟ್. ಎದುರಿಗೆ ಬೆಲೆ ಏರಿಸಿ ಬಂದ ಹೆಚ್ಚಳ, ಅಂದರೆ ರೀವ್ಯಾಲ್ಯುಯೇಷನ್ ಸರ್‌ಪ್ಲಸ್, 2 ಕೋಟಿ 60 ಲಕ್ಷ ಕ್ರೆಡಿಟ್. ಇದು ಲಾಭ-ನಷ್ಟದ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ನೇರವಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಮೀಸಲು ನಿಧಿಗಳ ಸಾಲಿಗೆ ಹೋಗಿ ಕೂರುತ್ತದೆ.

ಯಜಮಾನರ ತಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, "ಇದರಲ್ಲಿ ಡಿವಿಡೆಂಡ್ ಹಂಚಬಹುದಲ್ವಾ?" ಅಂದರು. ಆಗುವುದಿಲ್ಲ. ಬೆಲೆ ಏರಿಸಿ ಬಂದ ಹೆಚ್ಚಳವನ್ನು ಡಿವಿಡೆಂಡಿನ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದರಿಂದ ಬೋನಸ್ ಷೇರನ್ನೂ ಕೊಡಬಾರದು ಅಂತ ಕಂಪನಿ ಕಾಯ್ದೆಯಲ್ಲೇ ಇದೆ. ಜಾಗ ಮಾರಿಲ್ಲ, ಕೈಗೆ ಒಂದು ರೂಪಾಯಿ ಬಂದಿಲ್ಲ, ಹಂಚುವುದು ಏನನ್ನ? ಅವರಿಗೆ ಸಿಟ್ಟು ಬಂತು. ನನಗೆ ಅವರ ಸಿಟ್ಟಿಗಿಂತ ಅಣ್ಣನ ಮುಖ ನೋಡಿ ಬೇಜಾರಾಯ್ತು.

ಮೇಡಂ ಮಾತ್ರ ಆ ಸಾಲು ನೋಡಲೇ ಇಲ್ಲ. ಸೀದಾ ಲಾಭದ ಪುಟಕ್ಕೆ ಹೋದರು. 18 ಲಕ್ಷ ಬರಬೇಕಿದ್ದ ಲಾಭ 15 ಲಕ್ಷ. ಸವಕಳಿ 2ರಿಂದ 5ಕ್ಕೆ ಏರಿದೆ. ಯಾಕೆಂದರೆ ಈಗ 1 ಕೋಟಿಯನ್ನು ಉಳಿದ 20 ವರ್ಷಕ್ಕೆ ಹಂಚಬೇಕು. ಆಗಲೇ ಅವರು ಆ ಮಾತು ಕೇಳಿದ್ದು. ಗೋಡೆ ಅದೇ, ಛಾವಣಿ ಅದೇ.

ನಾನು ಮೊದಲು ಪುಸ್ತಕದ ಉತ್ತರ ಕೊಟ್ಟೆ. ಹೆಚ್ಚಾದ 3 ಲಕ್ಷವನ್ನು ಪ್ರತಿ ವರ್ಷ ಸರ್‌ಪ್ಲಸ್‌ನಿಂದ ಜನರಲ್ ರಿಸರ್ವ್‌ಗೆ ವರ್ಗಾಯಿಸಬಹುದು, 20 ವರ್ಷದಲ್ಲಿ ಶೆಡ್ಡಿನ 60 ಲಕ್ಷ ಪೂರ್ತಿ ಆ ಕಡೆ ಹೋಗುತ್ತದೆ, ಜಾಗದ 2 ಕೋಟಿ ಮಾರುವವರೆಗೆ ಹಾಗೇ ಇರುತ್ತದೆ ಅಂದೆ. "ಹಾಗಾದರೆ ಆ 3 ಲಕ್ಷ ಲಾಭಕ್ಕೆ ವಾಪಸ್ ಬರುತ್ತಾ?" ಅಂದರು. ಇಲ್ಲ. ವರ್ಗಾವಣೆ ಬ್ಯಾಲೆನ್ಸ್ ಶೀಟಿನೊಳಗೇ ನಡೆಯುತ್ತದೆ. ಹಿಂದೆ ಆ ಹೆಚ್ಚುವರಿ ಸವಕಳಿಯನ್ನು ಮೀಸಲಿನಿಂದ ತುಂಬಿಸಿ ಲಾಭ ಇಳಿಯದಂತೆ ನೋಡಿಕೊಳ್ಳುವ ಪದ್ಧತಿ ಇತ್ತು. ಈಗ ಪೂರ್ತಿ 5 ಲಕ್ಷವೂ ಲಾಭದಿಂದಲೇ ಹೋಗಬೇಕು. ತೆರಿಗೆಯಾದರೂ ಕಡಿಮೆ ಆಗುತ್ತಾ ಅಂದರೆ ಅದೂ ಇಲ್ಲ. ಆದಾಯ ತೆರಿಗೆಯವರು ನಾವು ನಿಜವಾಗಿ ಕೊಟ್ಟ ಹಣದ ಮೇಲಷ್ಟೇ ಸವಕಳಿ ಒಪ್ಪುತ್ತಾರೆ.

ಅವರು ಸುಮ್ಮನಾದರು. ಆದರೆ ಒಪ್ಪಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಅದೇ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು. ಆಗ ಹೊಳೆಯಿತು, ನಾನು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ. ಖರ್ಚು ಈ ವರ್ಷ ಜಾಸ್ತಿ ಆಗಿದ್ದಲ್ಲ. ಇಂದಿನ ಬೆಲೆಯಲ್ಲಿ ನೋಡಿದರೆ ನಾವು ವರ್ಷಕ್ಕೆ 5 ಲಕ್ಷದಷ್ಟು ಶೆಡ್ ಸವೆಸುತ್ತಿದ್ದೇವೆ. ಹಳೇ ಬೆಲೆಯ ಲೆಕ್ಕದಲ್ಲಿ ಅದು 2 ಲಕ್ಷ ಅಂತ ಕಾಣುತ್ತಿತ್ತು, ಅಷ್ಟೇ. ಇದೇ ಶೆಡ್ ಮತ್ತೆ ಕಟ್ಟಬೇಕಾದ ದಿನ 60 ಲಕ್ಷ ಯಾವ ಮೂಲೆಗೆ ಸಾಕು? ನಾವು ಲಾಭ ಅಂದುಕೊಂಡು ಖುಷಿಪಟ್ಟಿದ್ದರಲ್ಲಿ ಒಂದು ಪಾಲು, ಗೋಡೆಯಿಂದಲೇ ಉದುರಿದ ಸುಣ್ಣ.

ಇನ್ನೊಂದು ವಿಷಯ ಅದಕ್ಕಿಂತ ಜಾಸ್ತಿ ಕಾಡಿತು. ಗಿರಾಕಿಗಳಿಗೆ ಕೊಡುವ ಜಾಬ್ ವರ್ಕ್ ದರವನ್ನು ಹಾಕುವವನು ನಾನೇ. ಅದರಲ್ಲಿ ಶೆಡ್ಡಿನ ಪಾಲನ್ನು ಇಷ್ಟು ವರ್ಷವೂ 2 ಲಕ್ಷದ ಮೇಲೆಯೇ ಹಿಡಿದಿದ್ದೆ.

ಬುಧವಾರ ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ಇದನ್ನು ಹೇಳಿದೆ. ಅವರು ಕ್ಯಾಲ್ಕುಲೇಟರ್ ಎಳೆದುಕೊಂಡರು. ಐದು ಯಂತ್ರ, ತಲಾ 2,400 ಗಂಟೆ, ಒಟ್ಟು 12,000 ಗಂಟೆ. 2 ಲಕ್ಷಕ್ಕೆ ಗಂಟೆಗೆ ಸುಮಾರು 17 ರೂಪಾಯಿ. 5 ಲಕ್ಷಕ್ಕೆ ಸುಮಾರು 42. ಸ್ವಲ್ಪ ಹೊತ್ತು ಆ ಎರಡು ಅಂಕಿ ನೋಡುತ್ತಾ ಕೂತರು.

"ದರಪಟ್ಟಿ ತಗೊಂಡು ಬನ್ನಿ," ಅಂದರು.